ಮೂಗಿನ ಪರೀಕ್ಷೆ

ಹಾಲು ಹೊತ್ತಿದ್ದು ಅವನಿಗೆ ಗೊತ್ತಾದದ್ದು ಹೊಗೆ ಕಣ್ಣಿಗೆ ಬಿದ್ದ ಮೇಲೆ. ಅದು ಮೊನ್ನೆಯ ಮಾತು. ಪಾತ್ರೆಯನ್ನು ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಕೊನೆಗೆ ಉಗುರಿನಲ್ಲೂ ಕೆರೆದ. ತಳದ ಕಪ್ಪು ಬಿಟ್ಟಿರಲಿಲ್ಲ. ಅದನ್ನು ಕಲ್ಲಿನ ಮೇಲೆ ಬೋರಲು ಹಾಕಿದ್ದ, ಬೋರಲು ಹಾಕಿದರೆ ಯಾರಿಗೂ ಕಾಣುವುದಿಲ್ಲ ಅನ್ನುವ ಹಾಗೆ. ಆವತ್ತು ಸೊಸೆ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು ನಿಂತುಬಿಟ್ಟಿದ್ದಳು. "ಮಾವ, ಬೀದಿ ತಿರುವಿಗೇ ಬರ್ತಿದೆ ವಾಸನೆ. ನೀವು ಇಲ್ಲೇ ಕೂತಿದೀರಲ್ಲ?" ಒಲೆಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅವನು, "ಕಣ್ಣು ಹತ್ತಿಬಿಟ್ಟಿತ್ತಮ್ಮ" ಅಂದ. ಕಣ್ಣು ಎಲ್ಲಿ ಹತ್ತಿತ್ತು? ಬಟಾಣಿ ಎಣಿಸುವಷ್ಟು ಎಚ್ಚರವಾಗಿದ್ದ. ಅವಳು ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ ದಿನವೆಲ್ಲ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಬರುವವಳು, ಕಾಲು ಚಾಚಿ ಕೂತುಕೊಂಡು ಅವನ ಮೂಗನ್ನೇ ಸ್ವಲ್ಪ ಹೊತ್ತು ನೋಡಿದಳು. ಅವನ ಮೂಗನ್ನು ಹಾಗೆ ಯಾರೂ ನೋಡಿದ್ದಿಲ್ಲ. ಅವನು ಹಿಂದೆ ದುಡಿಯುತ್ತಿದ್ದ ಮಸಾಲೆ ಗೋದಾಮಿನಲ್ಲಿ ಮೂಗಯ್ಯ, ಮೂಗಯ್ಯ ಅಂತ ಕರೆಯುತ್ತಿದ್ದವರೂ ಹಾಗೆ ನೋಡಿರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಮಗಳ ತಲೆ ಬಾಚುತ್ತ ಬಾಚಣಿಗೆಗೆ ಹೇಳುವವಳ ಹಾಗೆ ಹೇಳಿದಳು, "ಆ ಕೊನೇ ಮನೆ ಆಯಮ್ಮ ಇದಾರಲ್ಲ, ಅವರು ಮಕ್ಕಳನ್ನ ನೋಡ್ಕೋತಾರಂತೆ. ಇನ್ನೊಂದು ಮಗೂಗೆ ಮಾತ್ರ ಜಾಗ ಇದೆಯಂತೆ. ಇವತ್ತು ಸಂಜೆ ಒಂದು ಮಾತು ಹೇಳಿ ಅಂದ್ರು." ಲಾರಿ ಹತ್ತಿದ ಮಗ ಊರಿಗೆ ಬರುವುದು ಇನ್ನೂ ಯಾವಾಗಲೋ. ಹೇಳಬೇಕಾದವಳು, ಕೇಳಬೇಕಾದವಳು ಎಲ್ಲ ಅವಳೇ. ಆಮೇಲೆ ಮಗಳ ಜಡೆ ಎಳೆದು ಹೇಳಿದಳು, "ನೀನು ಸ್ಕೂಲಿಂದ ಬಂದ್ಮೇಲೆ ತಾತನ ಜೊತೆ ಆ ಮೂಸೋ ಆಟ ಆಡು. ಎಷ್ಟು ಸರಿ ಹೇಳಿದ್ರು, ಎಷ್ಟು ತಪ್ಪು ಹೇಳಿದ್ರು ಅಂತ ಸಂಜೆ ನಂಗೆ ನಿಜ ಹೇಳ್ಬೇಕು. ಗೊತ್ತಾಯ್ತಾ?" ಮುದುಕ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. ಚಪ್ಪಲಿ ಕಾಲಲ್ಲೇ ಇತ್ತು. ತಪ್ಪು ಹೇಳಿದರೆ ಮಧ್ಯಾಹ್ನಗಳು ಹೋಗುತ್ತವೆ, ಅಷ್ಟೇ ವಿಷಯ. ಆ ಹುಡುಗಿ ಶಾಲೆಯ ಚೀಲವನ್ನು ಬಾಗಿಲಲ್ಲೇ ಎಸೆದು, "ತಾತಾ, ಹಸಿವು!" ಅಂತ ಕೂಗಿಕೊಂಡು ಅಡುಗೆಮನೆಗೆ ನುಗ್ಗುವ ಮಧ್ಯಾಹ್ನ ಒಂದು ಇಲ್ಲದಿದ್ದರೆ, ಬೆಳಗಿನಿಂದ ಸಂಜೆಯವರೆಗೆ ಅವನು ಈ ಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಕೊಡೆ.

ಆಟ ಕಲಿಸಿದವನು ಅವನೇ. ಅವಳಿಗಿನ್ನೂ ಮಾತು ತೊದಲುತ್ತಿದ್ದ ಕಾಲದಲ್ಲಿ, ಅಳು ನಿಲ್ಲಿಸಲು ಏಲಕ್ಕಿ ಬಿಡಿಸಿ ಮೂಗಿನ ಕೆಳಗೆ ಹಿಡಿದಿದ್ದ. ಅಳು ನಿಂತು ಹುಬ್ಬು ಮೇಲೆ ಹೋಗಿತ್ತು. ಆಮೇಲೆ ಒಂದೊಂದಾಗಿ ಕಟ್ಟಳೆಗಳು ಬಂದವು. ಕಣ್ಣು ಕಟ್ಟಬೇಕು. ಮುಟ್ಟಬಾರದು, ಮುಟ್ಟಿದರೆ ಕೈಯೇ ಹೇಳಿಬಿಡುತ್ತದೆ. ಒಂದೇ ಸಲ ಉದ್ದಕ್ಕೆ ಎಳೆಯಬಾರದು, ನಾಯಿ ಮೂಸುವ ಹಾಗೆ ಪುಟ್ಟ ಪುಟ್ಟ ಉಸಿರು ತೆಗೆದುಕೊಳ್ಳಬೇಕು. ಇಡೀ ಕಾಳು ಬಾಯಿ ಮುಚ್ಚಿಕೊಂಡಿರುತ್ತದೆ, ಕುಟ್ಟಿದರೆ ಮಾತಾಡುತ್ತದೆ. ಕುಟ್ಟಾಣಿ ಇಲ್ಲದಿದ್ದರೆ ಮುಷ್ಟಿಯಲ್ಲಿಟ್ಟು ಬೆಚ್ಚಗೆ ಮಾಡಬೇಕು. ಎರಡು ಮೂರು ಮೂಸಿದ ಮೇಲೆ ಮೂಗಿಗೆ ಮಂಕು ಹಿಡಿಯುತ್ತದೆ, ಆಗ ನಮ್ಮ ಮೊಣಕೈ ಮಡಿಕೆಯನ್ನೇ ಮೂಸಿಕೊಳ್ಳಬೇಕು. ನಮ್ಮ ವಾಸನೆ ನಮಗೆ ವಾಸನೆಯೇ ಅಲ್ಲ, ಅಲ್ಲಿ ಮೂಗು ಕೂತು ಸುಧಾರಿಸಿಕೊಳ್ಳುತ್ತದೆ. ಗೋದಾಮಿನಲ್ಲಿ ಅವನು ಹಾಗೆಯೇ ಮಾಡುತ್ತಿದ್ದ. ಗೋಣಿಗೆ ಕಬ್ಬಿಣದ ಕೊಳವೆ ಚುಚ್ಚಿ, ನಡುಹೊಟ್ಟೆಯಿಂದ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಮೊಣಕೈ ಮೂಸಿ, ಮುಂದಿನ ಗೋಣಿ. ಮೇಲೆ ಹೊಸ ಮಾಲು ಹರಡಿ ಕೆಳಗೆ ಹಳತು ತುಂಬಿದ್ದರೆ, ಒಳಗೆ ತೇವ ಕೂತು ಬೂಷ್ಟು ಹಿಡಿದಿದ್ದರೆ, ಒಂದು ಉಸಿರು ಸಾಕಿತ್ತು. ಗುಮಾಸ್ತ ನಗುತ್ತಿದ್ದ, "ಮೂಗಯ್ಯ, ನಿನ್ನ ಹೆಂಡ್ತಿ ಸಿಟ್ಟು ಮಾಡ್ಕೊಂಡಿದ್ರೂ ಮನೆ ಹೊರಗಿಂದ್ಲೇ ಗೊತ್ತಾಗುತ್ತಾ?" ಗೊತ್ತಾಗುತ್ತಿತ್ತು. ಸಿಟ್ಟು ಬಂದ ದಿನ ಒಗ್ಗರಣೆ ಸೀಯುತ್ತಿತ್ತು.

ಹೋದ ಚಳಿಯಲ್ಲಿ ಜ್ವರ ಬಂದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕಾಫಿ ಬರೀ ಬಿಸಿ ಕಹಿಯಾಗಿತ್ತು. ಪುಡಿ ಹಳತು ಅಂದುಕೊಂಡ. ಸೋಪು ಹಳತು, ಹಣ್ಣು ಹಳತು, ಕೊನೆಗೆ ಮೊಮ್ಮಗಳ ನೆತ್ತಿಯೂ ಹಳತಾದಾಗ ಅವನಿಗೆ ತಿಳಿಯಿತು. ಯಾರಿಗೆ ಹೇಳುವುದು? ಕಾಲು ಹೋದರೆ ಕೋಲು ಕೊಡುತ್ತಾರೆ, ಕಣ್ಣು ಹೋದರೆ ಕೈ ಹಿಡಿಯುತ್ತಾರೆ. ಮೂಗು ಹೋಯಿತು ಅಂದರೆ ನಗುತ್ತಾರೆ.

"ತಾತ, ಇವತ್ತು ಆಟ ಅಲ್ಲ. ಪರೀಕ್ಷೆ," ಅಂದಳು ಮೊಮ್ಮಗಳು. ಬಾಯಲ್ಲಿ ಇನ್ನೂ ಬ್ರೆಡ್ಡಿನ ಚೂರಿತ್ತು. ಅಮ್ಮನ ಹಳೆಯ ದುಪಟ್ಟಾ ತಂದು ಅವನ ಕಣ್ಣಿಗೆ ಎರಡು ಸುತ್ತು ಕಟ್ಟಿದಳು. "ಕಾಣ್ತಿದೆಯಾ?"

"ಇಲ್ಲ ಟೀಚರ್."

"ಇದೆಷ್ಟು ಬೆರಳು?"

"ಐದು."

"ಒಂದೂ ಇಲ್ಲ, ಮುಷ್ಟಿ! ಸರಿ, ಕಾಣ್ತಿಲ್ಲ. ಕೈ ಹಿಂದೆ ಕಟ್ಕೋ. ಕಾಪಿ ಹೊಡೆದ್ರೆ ಹೊರಗೆ ನಿಲ್ಲಿಸ್ತೀನಿ."

"ನಾನು ಸ್ಕೂಲಿಗೆ ಹೋಗಿದ್ದೇ ಕಡಿಮೆ ಕಣೇ. ಹೋದ ಅಷ್ಟು ದಿನಾನೂ ಹೊರಗೇ ನಿಂತಿದ್ದೆ."

ಅವಳು ನಕ್ಕಳು. ಮಸಾಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಮೇಲಿನ ತಟ್ಟೆಯಿಂದ ಪುಟ್ಟ ಬಟ್ಟಲುಗಳು ಕಲ್ಲಿನ ಮೇಲೆ ಕೂತವು. ಅವನು ಕಣ್ಣು ಕಟ್ಟಿದ ಕತ್ತಲಲ್ಲಿ ಕಿವಿಯನ್ನು ಮುಂದಕ್ಕೆ ಚಾಚಿ ಕೂತ. ಕುಟ್ಟಾಣಿಯಲ್ಲಿ ಏನೋ ಲಟ್ಟೆಂದು ಮುರಿಯಿತು, ಒಣ ಕಡ್ಡಿ ಮುರಿದ ಹಾಗೆ. ಆಮೇಲೆ ಮೂಗಿನ ಹತ್ತಿರ ಬಟ್ಟಲಿನ ತಣ್ಣನೆಯ ಅಂಚು. ಅವನು ಪುಟ್ಟ ಪುಟ್ಟ ಉಸಿರು ತೆಗೆದ, ತಲೆ ವಾಲಿಸಿದ, ಹುಬ್ಬು ಗಂಟಿಕ್ಕಿದ. ಗೋದಾಮಿನಲ್ಲಿ ಮಾಡುತ್ತಿದ್ದ ಎಲ್ಲವನ್ನೂ ಮಾಡಿದ. "ಚಕ್ಕೆ."

"ಸರಿ!"

ಚಕ್ಕೆಯನ್ನು ಹೇಳಿದ್ದು ಕಿವಿ. ಎರಡನೆಯದು ಬಂದಾಗ ಮೂಗಿನೊಳಗೆ ಒಂದು ತಣ್ಣನೆಯ ಸೂಜಿ ಹೋಗಿ ಕಣ್ಣಿನ ಮೂಲೆಯಲ್ಲಿ ನಿಂತಿತು. ವಾಸನೆ ಇಲ್ಲ, ಸೂಜಿ ಮಾತ್ರ. ಓಮ. ಮೂರನೆಯದು ಮೂಗಿನ ಹೊಳ್ಳೆಯನ್ನು ಬೆಚ್ಚಗೆ ಮಾಡಿ ಆಮೇಲೆ ಜೋಮು ಹಿಡಿಸಿತು, ಹಲ್ಲು ನೋವಿಗೆ ದವಡೆಯಲ್ಲಿ ಇಟ್ಟುಕೊಂಡಾಗ ಆಗುವ ಹಾಗೆ. ಲವಂಗ. ಹೀಗೆ ಚುಚ್ಚುವ, ಸುಡುವ, ತಣ್ಣಗಾಗುವ ಸಾಮಾನೆಲ್ಲ ಇನ್ನೂ ಅವನ ಕಡೆಗಿತ್ತು. ಮೂಗಿನ ಚರ್ಮ ಸತ್ತಿರಲಿಲ್ಲ, ಒಳಗಿನ ಯಜಮಾನ ಮಾತ್ರ ಬಾಗಿಲು ಹಾಕಿಕೊಂಡು ಹೋಗಿದ್ದ. ಇದನ್ನು ಅವನು ಒಬ್ಬನೇ ಇದ್ದ ಹೊತ್ತಿನಲ್ಲಿ, ಡಬ್ಬಿಗಳ ಮುಂದೆ ನಿಂತು, ಕಳ್ಳನ ಹಾಗೆ ಕಲಿತುಕೊಂಡಿದ್ದ. ಯಾವುದು ಚುಚ್ಚುತ್ತದೆ, ಎಲ್ಲಿ ಚುಚ್ಚುತ್ತದೆ. ಮೂಗಿನ ತುದಿಗೆ ಶುಂಠಿ, ನೆತ್ತಿಗೆ ಸಾಸಿವೆ ಪುಡಿ, ಗಂಟಲಿಗೆ ಮೆಣಸಿನಕಾಯಿ. ಪಾಪ ಬಡವರ ಹಾಗೆ ಸುಮ್ಮನಿರುವ ಕಾಳುಗಳದ್ದೇ ಕಷ್ಟ. ಜೀರಿಗೆ, ಸೋಂಪು, ಕೊತ್ತಂಬರಿ, ಮೆಂತ್ಯ. ಅವು ಯಾರಿಗೂ ಚುಚ್ಚುವುದಿಲ್ಲ. ಬರೀ ವಾಸನೆಯಿಂದ ಬದುಕುವಂಥವು.

"ತಾತ, ಮೊಣಕೈ ಮೂಸ್ಕೋ. ಮಂಕು ಹಿಡಿಯುತ್ತೆ."

ಅವನು ಮೂಸಿಕೊಂಡ. ಅಂಗಿಯ ತೋಳು ಮೂಗಿಗೆ ಒರಟಾಗಿ ತಾಗಿತು. ಅಲ್ಲೂ ಏನಿರಲಿಲ್ಲ.

ಕುಟ್ಟಾಣಿಯಲ್ಲಿ ಈಗ ಮೆತ್ತಗಿನ ಸದ್ದು. ಕೊತ್ತಂಬರಿಯಾಗಿದ್ದರೆ ಬುರುಬುರು ಅಂತ ಟೊಳ್ಳಾಗಿ ಒಡೆಯಬೇಕು, ಇದು ಒಡೆಯಲಿಲ್ಲ, ಅರೆದುಕೊಂಡಿತು. ಹಾಗಾದರೆ ಜೀರಿಗೆ ಅಥವಾ ಸೋಂಪು. ಬಟ್ಟಲು ಮೂಗಿನ ಕೆಳಗೆ ಬಂತು. ಗೋಡೆ. ಸುಣ್ಣ ಬಳಿದ ಗೋಡೆಗೆ ಮೂಗು ಒತ್ತಿದ ಹಾಗೆ. ಅವನು ಇನ್ನೂ ಹತ್ತಿರ ಹೋದ, ಕಾಳಿನ ಧೂಳು ತುಟಿಗೆ ತಾಗಿತು. ಗೋದಾಮಿನಲ್ಲಿ ಇವೆರಡನ್ನೂ ಒಂದೇ ಕಟ್ಟೆಯ ಮೇಲೆ ಸುರಿಯುತ್ತಿದ್ದರು. ಜೀರಿಗೆ ಬೆವರಿನ ಮಗ, ಸೋಂಪು ಸಕ್ಕರೆಯ ಮಗಳು ಅಂತ ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಮಾತು ನೆನಪಿದೆ, ಬೆವರೂ ಇಲ್ಲ ಸಕ್ಕರೆಯೂ ಇಲ್ಲ. ಹುಡುಗಿಯ ಉಸಿರು ಕೆನ್ನೆಗೆ ತಾಗುತ್ತಿತ್ತು. ಅವಳು ಕಾಯುತ್ತಿದ್ದಳು.

"ಸೋಂಪು," ಅಂದ.

ಬಟ್ಟಲು ಮೆಲ್ಲಗೆ ಕಲ್ಲಿನ ಮೇಲೆ ಕೂತ ಸದ್ದು. "ಸರಿ ತಾತ."

ಆ ಖುಷಿಯಲ್ಲಿ ಕುಟ್ಟಾಣಿಯ ಸದ್ದಿಗೆ ಕಿವಿಗೊಡುವುದನ್ನೇ ಮರೆತ. ಮುಂದಿನದಕ್ಕೆ ಕೊತ್ತಂಬರಿ ಅಂದ, ಸರಿ. ಮೆಂತ್ಯ ಅಂದ, ಸರಿ. ಏಲಕ್ಕಿ, ಸರಿ. ಜಾಯಿಕಾಯಿ ಅಂದಾಗಂತೂ ಅವನಿಗೆ ಸತ್ಯವಾಗಿ ಏನೋ ಬಂದ ಹಾಗಾಯಿತು, ಮರದ ಪೆಟ್ಟಿಗೆಯ ಒಳಗಿನ ಬೆಚ್ಚನೆಯಂಥದ್ದು, ದೂರದಿಂದ. ಬಂತು, ಬರುತ್ತಿದೆ. ಔಷಧವಿಲ್ಲದೆ ಹೋದದ್ದು ಔಷಧವಿಲ್ಲದೆ ವಾಪಸು ಬರಬಾರದೇಕೆ? ಬೆನ್ನ ಹಿಂದೆ ಕಟ್ಟಿದ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ನಾಳೆ ಎದ್ದು ಮೊದಲು ಕಾಫಿ ಪುಡಿಯ ಡಬ್ಬಿ ತೆಗೆಯಬೇಕು. ಆಮೇಲೆ ಇವಳ ನೆತ್ತಿ. "ನೋಡಿದ್ಯಾ," ಅಂದ, "ಹಳೇ ಎತ್ತು ಗೆರೆ ತಪ್ಪಲ್ಲ."

"ಹೂಂ," ಅಂದಳು ಅವಳು. ಆ ಹೂಂ ಯಾಕೋ ಬಹಳ ದೊಡ್ಡವರ ಹೂಂನ ಹಾಗಿತ್ತು. ಜ್ವರದ ಮಂಚದ ಪಕ್ಕ ಕೂತವರು ರೋಗಿಗೆ ಹೇಳುವ ಹೂಂ.

ಮುಂದಿನ ಬಟ್ಟಲು ಬಂತು. ಇದು ಮೂಗಿಗೆ ತಾಗುವ ಮೊದಲೇ ಚುಚ್ಚಿತು. ಕುಟ್ಟಾಣಿಯಲ್ಲಿ ಗಟ್ಟಿ ಕಾಳು ಟಣ್ ಟಣ್ ಎಂದು ಹಾರಿದ್ದನ್ನೂ ಕೇಳಿದ್ದ. ಕರಿಮೆಣಸು, ಅದರಲ್ಲಿ ಎರಡು ಮಾತಿಲ್ಲ. ಕಣ್ಣಲ್ಲಿ ನೀರು ತುಂಬಿ ದುಪಟ್ಟಾ ಒದ್ದೆಯಾಯಿತು, ಸೀನು ಮೂಗಿನ ತುದಿಗೆ ಬಂದು ನಿಂತಿತು. ಇಷ್ಟು ಖಂಡಿತವಾಗಿ ಅವನಿಗೆ ಇವತ್ತು ಯಾವುದೂ ತಿಳಿದಿರಲಿಲ್ಲ. ಹೇಳಿಬಿಡಬೇಕು ಅಂತ ಬಾಯಿ ತೆರೆದ. ಯಾಕೆ ಹಾಗೆ ಮಾಡಿದನೋ ಆಮೇಲೂ ಅವನಿಗೆ ಬಗೆಹರಿಯಲಿಲ್ಲ. ಗೋದಾಮಿನ ಅಭ್ಯಾಸ ಇರಬೇಕು, ಮೇಲಿನ ಮಾಲು ಚೆನ್ನಾಗಿದ್ದಷ್ಟೂ ಕೊಳವೆಯನ್ನು ಒಳಗೆ ಚುಚ್ಚಿ ನೋಡುವುದು. "ಏಲಕ್ಕಿ," ಅಂದ.

ನಲ್ಲಿಯಿಂದ ಒಂದು ಹನಿ ಬಿತ್ತು.

"ಸರಿ ತಾತ," ಅಂದಳು ಮೊಮ್ಮಗಳು.

ಸೀನು ಬಂದುಬಿಟ್ಟಿತು. ಒಂದರ ಹಿಂದೆ ಒಂದು, ನಿಲ್ಲದ ಹಾಗೆ. ಸೀನುತ್ತ ಸೀನುತ್ತ ದುಪಟ್ಟಾ ಸಡಿಲವಾಗಿ ಮೂಗಿನ ಮೇಲೆ ಇಳಿಯಿತು. ಬೆಳಕಿನಲ್ಲಿ ಮೊದಲು ಕಂಡದ್ದು ಬಟ್ಟಲುಗಳು, ಕೊಟ್ಟ ಸಾಲಿನಲ್ಲೇ ಇದ್ದವು. ಅವನು ಸೋಂಪು ಅಂದಲ್ಲಿ ಜೀರಿಗೆ ಇತ್ತು. ಕೊತ್ತಂಬರಿ ಅಂದಲ್ಲಿ ಮೆಂತ್ಯ, ಮೆಂತ್ಯ ಅಂದಲ್ಲಿ ಕೊತ್ತಂಬರಿ. ಏಲಕ್ಕಿ ಅಂದಲ್ಲಿ ಸೋಂಪು. ಜಾಯಿಕಾಯಿ ಅಂದಲ್ಲಿ, ಮರದ ಪೆಟ್ಟಿಗೆಯ ಬೆಚ್ಚನೆಯದು ಬಂದಲ್ಲಿ, ಬಟ್ಟಲು ಬರಿದಾಗಿತ್ತು. ಅವಳು ಏನೂ ಹಾಕದೆ ಹಿಡಿದಿದ್ದಳು. ಹುಡುಗಿ ಕೊನೆಯ ಬಟ್ಟಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಬೆರಳ ಸಂದಿಯಲ್ಲಿ ಕಪ್ಪು ಪುಡಿ.

ಅವನು ದುಪಟ್ಟಾದಲ್ಲೇ ಮೂಗು ಒರೆಸಿಕೊಂಡ. ಎಂದಿನಿಂದ ಗೊತ್ತು ಇವಳಿಗೆ? ಒಲೆ ಹಚ್ಚಲು ಅವನು ಕಡ್ಡಿಪೆಟ್ಟಿಗೆ ಎತ್ತಿಕೊಂಡಾಗಲೆಲ್ಲ ಎಲ್ಲಿದ್ದರೂ ಓಡಿ ಬಂದು, ಒಲೆಯ ಪಕ್ಕ ಮುಖ ಎತ್ತಿ ನಿಂತು, "ಈಗ ಹಚ್ಚು ತಾತ" ಅನ್ನುತ್ತಿದ್ದಳು. ಹಸಿವು ತಡೆಯಲ್ಲ ಇದಕ್ಕೆ ಅಂತ ಅವನು ನಗುತ್ತಿದ್ದ. ಅವಳು ಗ್ಯಾಸು ಮೂಸುತ್ತಿದ್ದಳು. ಇನ್ನೊಂದು ದಿನ ಅವನು ಬಡಿಸಿದ್ದು ಹಿಂದಿನ ದಿನದ ಹಳಸಿದ ಅನ್ನ. ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿ, ಅವನ ಮುಖ ನೋಡಿ, ಪೂರ್ತಿ ತಿಂದಿದ್ದಳು. ರಾತ್ರಿಯೆಲ್ಲ ವಾಂತಿ. ಸೊಸೆ ಬೆನ್ನು ನೀವುತ್ತ ಕೇಳಿದಾಗ, "ರಸ್ತೇಲಿ ಏನೋ ತಿಂದಿರಬೇಕು ಬಿಡಮ್ಮ" ಅಂದವನು ಅವನೇ. ಬಕೆಟ್ಟಿನ ಮೇಲೆ ಬಗ್ಗಿದ್ದ ಹುಡುಗಿ ತಲೆ ಎತ್ತಿ, "ಹೌದಮ್ಮ, ರಸ್ತೇಲಿ ತಿಂದೆ" ಅಂದಿದ್ದಳು, ಏಟೂ ತಿಂದಿದ್ದಳು. ಅದು ಅವನಿಗೆ ಆವತ್ತು ವಿಚಿತ್ರವಾಗಿ ಕಂಡಿರಲಿಲ್ಲ. ನಿಜವಾಗಿಯೂ ರಸ್ತೆಯಲ್ಲಿ ತಿಂದಿರಬೇಕು ಅಂತಲೇ ನಂಬಿದ್ದ. ನಂಬಿಕೆ ಎಷ್ಟು ಅನುಕೂಲದ್ದು.

"ಪುಟ್ಟಿ," ಅಂದ.

"ನಾನು ಆಯಮ್ಮನ ಮನೆಗೆ ಹೋಗಲ್ಲ," ಅಂದಳು ಅವಳು ತಟ್ಟನೆ. "ಅವರ ಮನೇಲಿ ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ಮಲಗಿಸ್ತಾರೆ. ನಿದ್ದೆ ಬರದಿದ್ರೂ ಕಣ್ಣು ಮುಚ್ಕೋಬೇಕು. ನಾನು ಹೋಗಲ್ಲ. ನಿಂಗೆ ಬೇಕಾದ್ರೆ ನಾನೇ ಮೂಸಿ ಹೇಳ್ತೀನಲ್ಲ, ಎಲ್ಲ. ಅಮ್ಮಂಗೆ ಯಾಕೆ ಹೇಳ್ಬೇಕು?"

ಅವನಿಗೂ ಬೇಕಾಗಿದ್ದದ್ದು ಅದೇ. ಅವಳು ಬಟ್ಟಲುಗಳನ್ನು ಸರಸರ ಡಬ್ಬಿಗೆ ತುಂಬಿದಳು, ಜೀರಿಗೆಯ ಜಾಗಕ್ಕೆ ಮೆಂತ್ಯ, ಮೆಂತ್ಯದ ಜಾಗಕ್ಕೆ ಇನ್ನೇನೋ. ಅವನು ಸರಿಮಾಡಲು ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಕಲ್ಲಿನ ಮೇಲೆ ಇಟ್ಟುಕೊಂಡು ಕೂತುಬಿಟ್ಟ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು.

ಸೊಸೆ ಬಂದಳು. ಚೀಲ ಇಳಿಸಲಿಲ್ಲ, ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ, "ಏನಾಯ್ತು?" ಅಂದಳು.

"ಎಲ್ಲ ಸರಿ ಹೇಳಿದ್ರು! ಒಂದೂ ತಪ್ಪಿಲ್ಲ!"

"ನನ್ನಾಣೆ?"

"ನಿನ್ನಾಣೆ."

ಅಷ್ಟು ಸಲೀಸಾಗಿ ಆಣೆ ಇಟ್ಟ ಮಗುವನ್ನು ಮುದುಕ ನೋಡಿದ. ಸೊಸೆಯ ಭುಜಗಳು ಇಳಿದವು. ಅವಳೂ ಇದನ್ನೇ ಕೇಳಲು ದಾರಿಯುದ್ದಕ್ಕೂ ಹಂಬಲಿಸಿ ಬಂದಿದ್ದಳು ಅನ್ನುವುದು ಆ ಭುಜಗಳಲ್ಲೇ ಕಾಣುತ್ತಿತ್ತು. "ಸದ್ಯ. ಆಯಮ್ಮಂಗೆ ಬೇಡ ಅಂತ ಹೇಳಿ ಬಂದ್ಬಿಡ್ತೀನಿ. ಮಾವ, ಮೊನ್ನೆ ನಾನು ಏನೇನೋ ಅಂದುಕೊಂಡ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ." ತಿರುಗಿ ಮೆಟ್ಟಿಲಿಗೆ ಕಾಲಿಟ್ಟಳು.

ಸುಮ್ಮನಿದ್ದರೆ ಸಾಕಿತ್ತು. ಹುಡುಗಿ ಅವನ ಬೆರಳು ಹಿಡಿದು ಅದುಮಿದಳು, ಸುಮ್ಮನಿರು ಅಂತ. ಆ ಕೈ ಬೆಚ್ಚಗಿತ್ತು. ಬಕೆಟ್ಟಿನ ಮೇಲೆ ಬಗ್ಗಿದ್ದ ಬೆನ್ನು, ಸಣ್ಣ ಬೆನ್ನುಮೂಳೆ, ಒಂದೊಂದು ಮಣಿಯೂ ಕಾಣುವ ಹಾಗೆ ಕಣ್ಣ ಮುಂದೆ ಬಂತು.

"ಅಮ್ಮ," ಅಂದ ಮುದುಕ. "ನನಗೆ ವಾಸನೆ ಬರಲ್ಲ."

"ಸುಳ್ಳು!" ಕಿರುಚಿದಳು ಮೊಮ್ಮಗಳು. "ತಾತ ಸುಳ್ಳು ಹೇಳ್ತಿದಾನೆ! ಸುಸ್ತಾಗಿದೆ ಅವನಿಗೆ! ನನ್ನ ನೋಡ್ಕೊಳ್ಳೋಕೆ ಬೇಜಾರು, ಅದಕ್ಕೇ!"

ಸೊಸೆ ಮೆಟ್ಟಿಲಿನಿಂದ ವಾಪಸು ಬಂದಳು. ಮಗಳನ್ನು ನೋಡಿದಳು, ಅವನನ್ನು ನೋಡಿದಳು. "ಇಬ್ಬರಲ್ಲಿ ಯಾರು ನಿಜ ಹೇಳ್ತಿರೋದು?" ಅವಳು ಚಪ್ಪಲಿ ಕಾಲಲ್ಲೇ ಅಡುಗೆಮನೆಯೊಳಗೆ ಬಂದು, ಅವರಿಗೆ ಬೆನ್ನು ಮಾಡಿ, ಮೇಲಿನ ಹಲಗೆಯಿಂದ ಏನೋ ತೆಗೆದಳು. ಮುಷ್ಟಿ ಕಟ್ಟಿಕೊಂಡು ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇಸ್ತ್ರಿಯ ಬಿಸಿಗೆ ಒಣಗಿ ಬಿರಿದ ಕೈ. ಅದನ್ನು ಅವನ ಮೂಗಿನ ಹತ್ತಿರ ತಂದು, ಬೆರಳನ್ನು ಒಂದಿಷ್ಟೇ ಸಡಿಲಿಸಿದಳು. "ಹೇಳಿ ಮಾವ," ಅಂದಳು. ಹೇಳಿಬಿಡಿ ಅಂತ ಬೇಡಿಕೊಳ್ಳುವ ದನಿ.

ಸದ್ದಿಲ್ಲ, ಚುಚ್ಚುವುದಿಲ್ಲ, ತಣ್ಣಗಿಲ್ಲ. ಸೊಸೆಯ ಹೆಗಲ ಹಿಂದೆ ಮೊಮ್ಮಗಳು ನಿಂತಿದ್ದಳು. ಅವಳ ಮೂಗು ಆಗಲೇ ಸುಕ್ಕುಗಟ್ಟಿತ್ತು. ಅಮ್ಮನಿಗೆ ಕಾಣದ ಹಾಗೆ, ಸದ್ದು ಮಾಡದೆ, ತುಟಿಯನ್ನು ಅಗಲ ಮಾಡಿ ಆಮೇಲೆ ಗುಂಡಗೆ ಮಾಡಿದಳು. ಮತ್ತೆ ಅಗಲ, ಮತ್ತೆ ಗುಂಡಗೆ. ಅಕ್ಷರ ಕಲಿಸುವ ಟೀಚರ್ ಮಂದ ಹುಡುಗನಿಗೆ ಹೇಳಿಕೊಡುವ ಹಾಗೆ, ತಾಳ್ಮೆಯಿಂದ. ಎರಡೇ ಅಕ್ಷರ. ಇನ್ನೊಂದು ಸಲ ನೋಡಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು.

ಅವನು ಕಣ್ಣು ಮುಚ್ಚಿಕೊಂಡ. ಪುಟ್ಟ ಪುಟ್ಟ ಉಸಿರು ತೆಗೆದ, ಇದ್ದಬದ್ದ ಶಕ್ತಿಯನ್ನೆಲ್ಲ ಅಲ್ಲಿಗೆ ತಂದು.

"ಏನಿದೆಯಮ್ಮ ಕೈಯಲ್ಲಿ?" ಅಂದ.

ಸೊಸೆ ಮುಷ್ಟಿ ತೆಗೆಯಲಿಲ್ಲ. ಅವನ ಮೂಗಿನ ಕೆಳಗೆ ಅದು ಹಾಗೇ ಇತ್ತು.

"ಇಂಗು, ತಾತ!" ಹುಡುಗಿ ಈಗ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. "ಇಂಗು! ಇಂಗು ಅನ್ನು! ಇಂಗು ಅನ್ನು ತಾತ!"